ಕನ್ನಡ ಪುಸ್ತಿಕೆಯಲ್ಲಿ ತಲೆಬರಹ, ಪಠ್ಯ, ಅಡಿಬರಹ: ಯಾವುದು ಎಷ್ಟು ದೊಡ್ಡದು, ನಡುವೆ ಎಷ್ಟು ಜಾಗ

ಬಾಗಲಕೋಟೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಪೆನ್‌ಡ್ರೈವ್ ಹಿಡಿದು ಬರುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಇದನ್ನೇ: "ಸರ, ಎಲ್ಲಾ ಬರದೀನ್ರಿ, ಆದ್ರ ನೋಡಾಕ ಎಲ್ಲಾ ಒಂದ ನಮೂನಿ ಕಾಣತೈತಿ. ಹೆಡಿಂಗ್ ಯಾವ್ದು, ಫೋಟೋದ ಕೆಳಗಿಂದು ಯಾವ್ದು, ಗೊತ್ತ ಆಗಂಗಿಲ್ಲ." ಪ್ರತಿ ಸಲ ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಉದಾಹರಣೆಗೆ ಒಂದೇ ಕೆಲಸ ತೆಗೆದುಕೊಳ್ಳೋಣ. ಶಾಲಾ ಪ್ರವಾಸಕ್ಕೆ ಮಕ್ಕಳ ಕೈಗೆ ಕೊಡಲು ಬಾದಾಮಿ ಗುಹೆಗಳ ಬಗ್ಗೆ ಎಂಟು ಪುಟದ ಪುಸ್ತಿಕೆ. ಒಂದು ಪುಟ ಮುಖಪುಟ, ಏಳು ಪುಟ ಬರಹ ಮತ್ತು ಫೋಟೋ. ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ಸಿಗುವ ಎ5 ಅಳತೆ, ಅಂದರೆ 148 × 210 ಮಿಲಿಮೀಟರ್. ಸಾಫ್ಟ್‌ವೇರ್ ಲಿಬ್ರೆಆಫೀಸ್ ರೈಟರ್, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೀವು ವರ್ಡ್ ಬಳಸುತ್ತಿದ್ದರೆ ಲೆಕ್ಕ ಅದೇ, ಬಟನ್‌ಗಳ ಹೆಸರು ಮಾತ್ರ ಬೇರೆ. ಮುಖ್ಯವಾದ ಕಡೆ ಅದನ್ನೂ ಹೇಳುತ್ತೇನೆ.

ಶುರು ಮಾಡುವ ಮೊದಲು

ನಿಮ್ಮ ಬರಹ ಯೂನಿಕೋಡ್‌ನಲ್ಲಿ ಇರಬೇಕು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಫಾಂಟ್ ಬದಲಿಸಿದ ಕೂಡಲೇ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಹಾಗಾದರೆ ಗಾಬರಿ ಬೇಡ, ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿಕೊಂಡು ಬನ್ನಿ.

ಫಾಂಟ್ ಎರಡು ಸಾಕು. ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ, ತಲೆಬರಹ ಮತ್ತು ಅಡಿಬರಹಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಎರಡೂ ಉಚಿತ. ಎರಡಕ್ಕೂ ನಿಜವಾದ ಬೋಲ್ಡ್ ಇದೆ, ನನಗೆ ಅದೇ ಮುಖ್ಯ. ಬೋಲ್ಡ್ ಇಲ್ಲದ ಫಾಂಟ್‌ಗೆ ನೀವು `Ctrl+B` ಒತ್ತಿದರೆ ಸಾಫ್ಟ್‌ವೇರ್ ಇರುವ ಗೆರೆಗಳನ್ನೇ ಸುಮ್ನೆ ದಪ್ಪ ಮಾಡುತ್ತದೆ. ನಮ್ಮ ಅಕ್ಷರಗಳಲ್ಲಿ ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದೇ ಕೆಳಗಿನ ಒಂದು ಸಣ್ಣ ಗೀಟಿನಿಂದ. ಆ ಗೀಟು ಮಸಿಯಲ್ಲಿ ಮುಚ್ಚಿಹೋದರೆ ಓದುವವರು ಊಹೆ ಮಾಡಬೇಕಾಗುತ್ತದೆ.

ಇನ್ನೊಂದು ವಿಷಯ. ಇಂಗ್ಲಿಷ್‌ನವರಿಗೆ ದೊಡ್ಡಕ್ಷರ ಇದೆ, ಇಟಾಲಿಕ್ ಇದೆ. ನಮಗೆ ದೊಡ್ಡಕ್ಷರ ಇಲ್ಲವೇ ಇಲ್ಲ. ಇಟಾಲಿಕ್ ಬಟನ್ ಒತ್ತಿದರೂ ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅಕ್ಷರ ಬರೀ ಓರೆಯಾಗುತ್ತದೆ, ಚೆಂದ ಕಾಣುವುದಿಲ್ಲ. ಹಾಗಾಗಿ ದರ್ಜೆ ತೋರಿಸಲು, ಅಂದರೆ ಯಾವುದು ಮೇಲಿನದು ಯಾವುದು ಕೆಳಗಿನದು ಅಂತ ಕಣ್ಣಿಗೆ ತಿಳಿಸಲು, ನಮ್ಮ ಕೈಯಲ್ಲಿ ಉಳಿಯುವುದು ಮೂರೇ: ಸೈಜ್, ದಪ್ಪ ಮತ್ತು ಸುತ್ತ ಬಿಡುವ ಖಾಲಿ ಜಾಗ. ಇದರಲ್ಲಿ ಜನ ಮರೆಯುವುದು ಮೂರನೆಯದನ್ನು.

1. ಪುಟದ ಅಳತೆ ಹಾಕಿ

`Format` ಮೆನುವಿನಲ್ಲಿ `Page Style` ತೆರೆದು ಎ5 ಆರಿಸಿ. ಎಡ ಬಲ 18 ಮಿಮೀ, ಮೇಲೆ ಕೆಳಗೆ 20 ಮಿಮೀ ಅಂಚು ಬಿಡಿ. ಬರೆಯಲು ಉಳಿಯುವುದು 112 ಮಿಮೀ ಅಗಲ, 170 ಮಿಮೀ ಎತ್ತರ. 11 ಪಾಯಿಂಟ್‌ನಲ್ಲಿ ಸಾಲಿಗೆ ಸುಮಾರು ಏಳೆಂಟು ಕನ್ನಡ ಪದ ಬರುತ್ತವೆ, ಓದಲು ಹಿತವಾದ ಅಗಲ ಅದು. ಪಾಯಿಂಟ್ ಅಂದರೆ ಅಕ್ಷರದ ಅಳತೆ, ಒಂದು ಇಂಚಿಗೆ 72 ಪಾಯಿಂಟ್.

ಎ5 ಪುಟದಲ್ಲಿ ಎರಡು ಕಾಲಂ ಮಾಡಲು ಹೋಗಬೇಡಿ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

2. ಸ್ಟೈಲ್ ಮಾಡಿಕೊಳ್ಳಿ, ಕೈಯಿಂದ ಸೈಜ್ ಬದಲಿಸಬೇಡಿ

ಸ್ಟೈಲ್ ಅಂದರೆ ಒಂದು ಹೆಸರಿನಡಿ ಕೂಡಿಸಿಟ್ಟ ಫಾಂಟ್, ಸೈಜ್, ಅಂತರ, ಅಲೈನ್‌ಮೆಂಟ್ ಎಲ್ಲಾ. ಒಂದು ಕಡೆ ಬದಲಿಸಿದರೆ ಇಡೀ ಪುಸ್ತಿಕೆಯಲ್ಲಿ ಬದಲಾಗುತ್ತದೆ. `F11` ಒತ್ತಿದರೆ ಬಲಗಡೆ ಪಟ್ಟಿ ತೆರೆಯುತ್ತದೆ. ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕರ್ಸರ್ ಇರುವ ಪ್ಯಾರಾಕ್ಕೆ ಆ ಸ್ಟೈಲ್ ಹತ್ತುತ್ತದೆ. ಬಲ ಕ್ಲಿಕ್ ಮಾಡಿದರೆ ತಿದ್ದುವ ಕಿಟಕಿ ಬರುತ್ತದೆ, ಅಲ್ಲಿನ ಹೆಸರು ಕೆಲವು ಆವೃತ್ತಿಯಲ್ಲಿ `Modify`, ಕೆಲವದರಲ್ಲಿ `Edit Style`.

ನಮಗೆ ಬೇಕಾದದ್ದು ಐದು. ಮುಖಪುಟದ ಹೆಸರಿಗೆ `Title`, ಪ್ರತಿ ಗುಹೆಯ ಹೆಸರಿಗೆ `Heading 1`, ಗುಹೆಯೊಳಗಿನ ಸಣ್ಣ ತಲೆಬರಹಕ್ಕೆ `Heading 2`, ಪಠ್ಯಕ್ಕೆ `Body Text`, ಫೋಟೋದ ಅಡಿಬರಹಕ್ಕೆ `Caption`. ಹಳೆಯ ರೈಟರ್‌ನಲ್ಲಿ `Body Text` ಬದಲು `Text Body` ಅಂತ ಇರುತ್ತದೆ, ಎರಡೂ ಒಂದೇ.

ಈಗ ಎಲ್ಲರೂ ಎಡವುವ ಜಾಗ. `Heading 1` ತೆರೆದು 16 ಪಾಯಿಂಟ್ ಹಾಕಿ ಓಕೆ ಒತ್ತುತ್ತೀರಿ, ಕನ್ನಡ ಅಕ್ಷರ ಅಲ್ಲಾಡುವುದೇ ಇಲ್ಲ. ಸಾಫ್ಟ್‌ವೇರ್ ಕೆಟ್ಟಿಲ್ಲ. ರೈಟರ್ ಇಂಗ್ಲಿಷ್‌ನಂಥ ಲಿಪಿಗೆ ಒಂದು, ಕನ್ನಡ, ಹಿಂದಿ, ಅರೇಬಿಕ್‌ನಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಸೈಜ್ ಇಟ್ಟುಕೊಂಡಿರುತ್ತದೆ. ನೀವು ಬದಲಿಸಿದ್ದು ಮೊದಲನೆಯದನ್ನು. `Font` ಟ್ಯಾಬ್‌ನಲ್ಲಿ `CTL` ಅಥವಾ `Complex` ಎಂಬ ಇನ್ನೊಂದು ಭಾಗ ಇರುತ್ತದೆ, ನಮ್ಮದು ಅದು. ಅದು ಕಾಣದಿದ್ದರೆ `Tools`, `Options` ಒಳಗೆ ಭಾಷೆಗಳ ವಿಭಾಗಕ್ಕೆ ಹೋಗಿ `Complex text layout` ಆನ್ ಮಾಡಿ ಕನ್ನಡ ಆರಿಸಿ. ವರ್ಡ್‌ನಲ್ಲೂ ಇದೇ ಕಥೆ: `Ctrl+D` ಒತ್ತಿದಾಗ ಬರುವ ಕಿಟಕಿಯಲ್ಲಿ `Complex scripts` ಭಾಗ ನೋಡಿ.

ನನ್ನ ಸಲಹೆ ಏನೆಂದರೆ ಎರಡೂ ಭಾಗದಲ್ಲಿ ಒಂದೇ ಫಾಂಟ್, ಒಂದೇ ಸೈಜ್, ಒಂದೇ ಬೋಲ್ಡ್ ಹಾಕಿಬಿಡಿ. ಇಲ್ಲದಿದ್ದರೆ "578" ಅಂತ ಬರೆದ ಇಸವಿ ಒಂದೊಂದು ಕಡೆ ಬೇರೆ ಸೈಜ್‌ನಲ್ಲಿ ನಿಂತು, ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲೇ ಸಂಜೆ ಆಗುತ್ತದೆ.

ಐದಕ್ಕೂ ನಾನು ಹಾಕಿದ ಸೈಜ್ ಇದು: ಮುಖಪುಟದ ಹೆಸರು 28 ಬೋಲ್ಡ್, ಗುಹೆಯ ಹೆಸರು 16 ಬೋಲ್ಡ್, ಸಣ್ಣ ತಲೆಬರಹ 11 ಬೋಲ್ಡ್, ಪಠ್ಯ 11 ಮಾಮೂಲಿ, ಅಡಿಬರಹ 9 ಮಾಮೂಲಿ. ಸಣ್ಣ ತಲೆಬರಹ ಮತ್ತು ಪಠ್ಯ ಒಂದೇ ಸೈಜ್ ಯಾಕೆ ಅಂತ ಕೇಳಬಹುದು. 11ರ ಪಕ್ಕ 12 ಇಟ್ಟರೆ ಅದು ದೊಡ್ಡದಾಗಿ ಕಾಣುವುದಿಲ್ಲ, ತಪ್ಪಾಗಿ ಕಾಣುತ್ತದೆ. ಸೈಜ್ ಬೇರೆ ಮಾಡಿದರೆ ಕಣ್ಣಿಗೆ ಹೊಡೆಯುವಷ್ಟು ಮಾಡಬೇಕು, ಇಲ್ಲವೇ ಸೈಜ್ ಮುಟ್ಟದೆ ದಪ್ಪದಲ್ಲಿ ಬೇರೆ ಮಾಡಬೇಕು. ಇಲ್ಲಿ ಫಾಂಟ್ ಕೂಡ ಬೇರೆ ಇರುವುದರಿಂದ ಬೋಲ್ಡ್ ಒಂದೇ ಸಾಕಾಗುತ್ತದೆ.

ಹಳೆಯ ಫೈಲ್‌ನಲ್ಲಿ ಕೈಯಿಂದ ಮಾಡಿದ ಬದಲಾವಣೆ ತುಂಬಿಕೊಂಡಿದ್ದರೆ ಸ್ಟೈಲ್ ಹಾಕಿದರೂ ಏನೂ ಆಗುವುದಿಲ್ಲ. `Ctrl+A` ಒತ್ತಿ, ಆಮೇಲೆ `Ctrl+M`. ಕೈಯಿಂದ ಹಾಕಿದ್ದೆಲ್ಲಾ ತೊಳೆದುಹೋಗುತ್ತದೆ. ಪಠ್ಯದ ನಡುವೆ ಬೇಕಂತಲೇ ಬೋಲ್ಡ್ ಮಾಡಿದ್ದೂ ಹೋಗುತ್ತದೆ, ಆದ್ದರಿಂದ ಒಂದು ಕಾಪಿ ಇಟ್ಟುಕೊಂಡು ಮಾಡಿ.

3. ಸಾಲಿನ ಅಂತರ

ಇದು ಕನ್ನಡದಲ್ಲಿ ಇಂಗ್ಲಿಷ್‌ಗಿಂತ ಬೇರೆ ರೀತಿ ಯೋಚಿಸಬೇಕಾದ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಗುಡಿಸು ಮೇಲೆ ಏಳುತ್ತದೆ. "ರಾಷ್ಟ್ರ", "ಶಾಸ್ತ್ರ", "ವೈಶಿಷ್ಟ್ಯ" ಇಂಥ ಪದಗಳಲ್ಲಿ ಎರಡು ಒತ್ತು ಸೇರಿಕೊಂಡು ಇನ್ನೂ ಕೆಳಗೆ ಹೋಗುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ "ಗಿ", "ಹಿ" ಮೇಲಿನ ಗುಡಿಸಿಗೆ ತಾಗಿದರೆ ಓದುವವರ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ 11 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲು ಕೊಟ್ಟರೆ ನಡೆಯುತ್ತದೆ, ಕನ್ನಡಕ್ಕೆ ಅದನ್ನೇ ಕೊಟ್ಟರೆ ಸಾಲುಗಳು ಒಂದರ ಮೇಲೊಂದು ಹತ್ತಿ ಕುಳಿತಂತೆ ಕಾಣುತ್ತವೆ.

ರೈಟರ್‌ನಲ್ಲಿ ಸ್ಟೈಲ್‌ನ `Indents & Spacing` ಟ್ಯಾಬ್‌ನ ಕೆಳಗೆ `Line Spacing` ಇದೆ. ಅದರಲ್ಲಿ ನಮಗೆ ಮೂರು ಆಯ್ಕೆ ಗೊತ್ತಿದ್ದರೆ ಸಾಕು. `Proportional` ಅಂದರೆ ಶೇಕಡಾ ಲೆಕ್ಕ, ಆದರೆ ಯಾವುದರ ಶೇಕಡಾ? ಫಾಂಟ್ ಮಾಡಿದವರು ಅದರೊಳಗೆ ಬರೆದಿಟ್ಟ ಎತ್ತರದ್ದು. ಆ ಎತ್ತರ ಒಂದೊಂದು ಫಾಂಟ್‌ಗೆ ಒಂದೊಂದು ಥರ ಇರುತ್ತದೆ, ಆದ್ದರಿಂದ ಫಾಂಟ್ ಬದಲಿಸಿದ ದಿನ ನಿಮ್ಮ ಎಂಟು ಪುಟ ಹತ್ತು ಪುಟ ಆಗಿರುತ್ತದೆ. `At least` ಅಂದರೆ ಕನಿಷ್ಠ ಇಷ್ಟು, ಬೇಕಾದರೆ ಜಾಸ್ತಿ. `Fixed` ಅಂದರೆ ಇಷ್ಟೇ, ಏನೇ ಆದರೂ ಇಷ್ಟೇ. ವರ್ಡ್‌ನಲ್ಲಿ ಇವು ಕ್ರಮವಾಗಿ `Multiple`, `At least`, `Exactly`.

ನಾನು `Body Text`ಗೆ `Fixed` 18 ಪಾಯಿಂಟ್ ಹಾಕುತ್ತೇನೆ. ಪಠ್ಯದ ನಡುವೆ ಬೇರೆ ಫಾಂಟ್‌ನ ಅಂಕಿಯೋ ಇಂಗ್ಲಿಷ್ ಪದವೋ ಬಂದರೂ ಸಾಲಿನ ಅಂತರ ಹಿಗ್ಗುವುದಿಲ್ಲ. ಪುಟಕ್ಕೆ ಎಷ್ಟು ಸಾಲು ಅಂತ ಲೆಕ್ಕವೂ ಸಿಗುತ್ತದೆ. 170 ಮಿಮೀ ಅಂದರೆ ಸುಮಾರು 482 ಪಾಯಿಂಟ್, 18ರಿಂದ ಭಾಗಿಸಿದರೆ ಪುಟಕ್ಕೆ 26 ಸಾಲು.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಈ ಎರಡು ಸಾಲು ಒಂದರ ಕೆಳಗೊಂದು ಟೈಪ್ ಮಾಡಿ:

```
ರಾಷ್ಟ್ರ ಶಾಸ್ತ್ರ ವೈಶಿಷ್ಟ್ಯ ಸ್ತ್ರೀ ಅಗಸ್ತ್ಯ
ಹಿರಿ ಗಿಡ ಬಿಡಿ ಕಿವಿ ನೀರಿಗಿಳಿ
```

ಮೇಲಿನ ಸಾಲಿನ ಒತ್ತು ಕೆಳಗಿನದಕ್ಕೆ ತಾಗುತ್ತಿದ್ದರೆ ಅರ್ಧರ್ಧ ಪಾಯಿಂಟ್ ಹೆಚ್ಚಿಸುತ್ತಾ ಹೋಗಿ. ಪರದೆಯ ಮೇಲೆ ಒತ್ತು ಕತ್ತರಿಸಿದಂತೆ ಕಂಡರೆ ಪಿಡಿಎಫ್ ಮಾಡಿ ಅದರಲ್ಲಿ ನೋಡಿ. ಅಲ್ಲೂ ಕತ್ತರಿಸಿದ್ದರೆ ಅಂತರ ನಿಜವಾಗಿಯೂ ಕಡಿಮೆ ಇದೆ ಅಂತ ಅರ್ಥ. ಅಡಿಬರಹ 9 ಪಾಯಿಂಟ್ ಇರುವುದರಿಂದ ಅದಕ್ಕೆ 14.5 ಸಾಕಾಗುತ್ತದೆ.

`Fixed` ಹಾಕುವುದರಲ್ಲಿ ಎರಡು ಅಪಾಯ ಇವೆ, ಎರಡನ್ನೂ ನಾನೇ ಅನುಭವಿಸಿದ್ದೇನೆ.

ಒಂದು, ಅದನ್ನು `Default Paragraph Style`ಗೆ ಹಾಕುವುದು. ಅದು ಎಲ್ಲಾ ಸ್ಟೈಲ್‌ಗಳ ಮೂಲ, ಅಲ್ಲಿ ಹಾಕಿದ್ದು ಕೆಳಗಿನ ಎಲ್ಲದಕ್ಕೂ ಹರಿಯುತ್ತದೆ. 28 ಪಾಯಿಂಟ್‌ನ ಮುಖಪುಟದ ಹೆಸರು 18 ಪಾಯಿಂಟ್ ಸಾಲಿನೊಳಗೆ ನಿಲ್ಲುವುದಾದರೂ ಹೇಗೆ? ತಲೆ ಕತ್ತರಿಸಿಹೋಗುತ್ತದೆ. ತಲೆಬರಹಗಳಿಗೆ `Proportional` 100 ಇರಲಿ.

ಎರಡು, ಫೋಟೋ. ಫೋಟೋವನ್ನು ಅಕ್ಷರದಂತೆ ಸಾಲಿನೊಳಗೆ ಕೂರಿಸಿದ್ದರೆ, ಆ ಸಾಲಿಗೂ 18 ಪಾಯಿಂಟ್ ಎತ್ತರವೇ ಸಿಗುತ್ತದೆ. ನಟರಾಜನ ಫೋಟೋ ಹಾಕಿದರೆ ಬರೀ ಒಂದು ಪಟ್ಟಿ ಕಾಣುತ್ತದೆ, ಅಥವಾ ಫೋಟೋ ಪಠ್ಯದ ಮೇಲೆ ಹತ್ತಿ ಕೂರುತ್ತದೆ. "ಫೋಟೋ ಕಳದು ಹೋತು" ಅಂತ ಬರುವವರ ಫೈಲ್‌ನಲ್ಲಿ ಹತ್ತಕ್ಕೆ ಒಂಬತ್ತು ಸಲ ಇದೇ ಆಗಿರುತ್ತದೆ. ಫೋಟೋಗೆ ಬೇರೆಯದೇ ಪ್ಯಾರಾ, ಬೇರೆಯದೇ ಸ್ಟೈಲ್ ಮಾಡಿ, ಹೆಸರು "ಫೋಟೋ" ಅಂತಲೇ ಇಡಿ, ಅದರ ಸಾಲಿನ ಅಂತರ `Single`.

4. ಅಲೈನ್‌ಮೆಂಟ್: ಎಡಕ್ಕೆ ಇರಲಿ

ಅಲೈನ್‌ಮೆಂಟ್ ಅಂದರೆ ಸಾಲು ಯಾವ ಅಂಚಿಗೆ ಆತುಕೊಂಡು ನಿಲ್ಲುತ್ತದೆ ಅನ್ನುವುದು. ಬಂದವರೆಲ್ಲಾ ಕೇಳುವುದು "ಎರಡೂ ಕಡಿ ಸಮ ಮಾಡ್ರಿ", ಅಂದರೆ `Justified`. ಪೇಪರ್‌ನಲ್ಲಿ ಹಾಗೇ ಇರುತ್ತದಲ್ಲ, ಅದಕ್ಕೆ.

ಸಮ ಮಾಡುವಾಗ ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಸಾಲಿನ ಕೊನೆಗೆ ಉಳಿದ ಜಾಗವನ್ನು ಪದಗಳ ನಡುವೆ ಹಂಚುತ್ತದೆ. ಇಂಗ್ಲಿಷ್‌ನಲ್ಲಿ ಪದ ಚಿಕ್ಕವು, ಸಾಲಿಗೆ ಹತ್ತು ಹನ್ನೆರಡು, ಹಂಚಿದ್ದು ಗೊತ್ತಾಗುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಸಂಧಿ ಎಲ್ಲಾ ಸೇರಿ ಪದ ಉದ್ದ ಆಗುತ್ತದೆ. "ಕೆತ್ತಲ್ಪಟ್ಟಿರುವುದರಿಂದ" ಎಂಬ ಪದ ಸಾಲಿನ ಕೊನೆಗೆ ಹಿಡಿಸದೆ ಕೆಳಗೆ ಹೋಯಿತು ಅನ್ನಿ. ಮೇಲಿನ ಸಾಲಿನಲ್ಲಿ ಐದು ಪದ ಉಳಿದು, ಅವುಗಳ ನಡುವೆ ನಾಲ್ಕೇ ಸಂದಿ ಇದ್ದು, ಆ ಇಡೀ ಖಾಲಿ ಜಾಗ ನಾಲ್ಕು ಸಂದಿಗೆ ಹಂಚಿಕೆಯಾಗುತ್ತದೆ. ಪುಟ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಎ5ನಲ್ಲಿ ಎರಡು ಕಾಲಂ ಮಾಡಿದರೆ ಸಾಲಿಗೆ ಮೂರೇ ಪದ, ಎರಡೇ ಸಂದಿ. ಆಗ ಏನಾಗುತ್ತದೆ ಅಂತ ನೀವೇ ನೋಡಿ.

ಎಡಕ್ಕೆ ಆತುಕೊಂಡ ಪಠ್ಯದಲ್ಲಿ ಪದಗಳ ನಡುವಿನ ಸಂದಿ ಎಲ್ಲಾ ಕಡೆ ಒಂದೇ. ಬಲಗಡೆ ಸ್ವಲ್ಪ ಏರುಪೇರು ಇರುತ್ತದೆ, ಇರಲಿ ಬಿಡಿ. ಹಠ ಹಿಡಿದು ಸಮ ಮಾಡಲೇಬೇಕು ಅಂದರೆ ಪೂರ್ತಿ ಅಗಲದ ಒಂದೇ ಕಾಲಂನಲ್ಲಿ ಮಾಡಿ, ಮತ್ತು ಪ್ಯಾರಾದೊಳಗೆ `Shift+Enter` ಒತ್ತಿ ಸಾಲು ಮುರಿದಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಎರಡು ಪದದ ಸಾಲು ಈ ಅಂಚಿನಿಂದ ಆ ಅಂಚಿಗೆ ಹಿಗ್ಗಿ ನಿಲ್ಲುತ್ತದೆ.

ನಡುವಿಗೆ ತರುವುದು, ಅಂದರೆ `Center`, ಮುಖಪುಟಕ್ಕೆ ಮಾತ್ರ. ಲಗ್ನಪತ್ರಿಕೆ ನೋಡಿ ನೋಡಿ ನಮಗೆ ಎಲ್ಲವನ್ನೂ ನಡುವಿಗೆ ತರುವ ಚಾಳಿ ಇದೆ. ಎರಡು ಸಾಲಿಗೆ ಚೆನ್ನಾಗಿರುತ್ತದೆ. ಐದು ಸಾಲಿನ ಪ್ಯಾರಾ ನಡುವಿಗೆ ಬಂದರೆ ಪ್ರತಿ ಸಾಲು ಎಲ್ಲಿಂದ ಶುರು ಅಂತ ಕಣ್ಣು ಹುಡುಕಬೇಕು.

5. ತಲೆಬರಹದ ಮೇಲೆ ಜಾಸ್ತಿ, ಕೆಳಗೆ ಕಡಿಮೆ

ತಲೆಬರಹ ಕೆಳಗಿನ ಪಠ್ಯದ್ದು, ಮೇಲಿನದ್ದಲ್ಲ. ಇದನ್ನು ಜಾಗದಿಂದಲೇ ತೋರಿಸಬೇಕು. `Heading 1`ಗೆ ಮೇಲೆ 22 ಪಾಯಿಂಟ್, ಕೆಳಗೆ 6. `Heading 2`ಗೆ ಮೇಲೆ 12, ಕೆಳಗೆ 2. ಇವನ್ನು `Above paragraph`, `Below paragraph` ಎಂಬ ಕಡೆ ಹಾಕಿ. ಮೇಲೆ ಕೆಳಗೆ ಒಂದೇ ಅಳತೆ ಇಟ್ಟರೆ ತಲೆಬರಹ ಎರಡು ಪ್ಯಾರಾಗಳ ನಡುವೆ ತೇಲುತ್ತಾ ನಿಲ್ಲುತ್ತದೆ, ಯಾರ ಮನೆಯದು ಅಂತ ಗೊತ್ತಾಗುವುದಿಲ್ಲ.

ಎಂಟರ್ ಒತ್ತಿ ಒತ್ತಿ ಜಾಗ ಮಾಡಬೇಡಿ. `Ctrl+F10` ಒತ್ತಿದರೆ ಪ್ರತಿ ಎಂಟರ್‌ಗೂ ¶ ಗುರುತು ಕಾಣುತ್ತದೆ. ಖಾಲಿ ಸಾಲಿನಲ್ಲಿ ಒಂಟಿಯಾಗಿ ನಿಂತ ¶ ಎಲ್ಲಾ ಅಳಿಸಿ. ಅವು ಈಗ ತೊಂದರೆ ಕೊಡದಿದ್ದರೂ, ನಾಳೆ ಒಂದು ಸಾಲು ಸೇರಿಸಿದಾಗ ಪುಟದ ಮೇಲ್ತುದಿಯಲ್ಲಿ ಬಂದು ಕೂರುತ್ತವೆ.

ಎರಡೂ ತಲೆಬರಹದ `Text Flow` ಟ್ಯಾಬ್‌ನಲ್ಲಿ `Keep with next paragraph` ಟಿಕ್ ಇದೆಯಾ ನೋಡಿಕೊಳ್ಳಿ. ಇದ್ದರೆ ತಲೆಬರಹ ಪುಟದ ಕೊನೆಯಲ್ಲಿ ಒಂಟಿಯಾಗಿ ಉಳಿದು ಅದರ ಪಠ್ಯ ಮುಂದಿನ ಪುಟಕ್ಕೆ ಹೋಗುವುದಿಲ್ಲ.

6. ಅಡಿಬರಹ ಫೋಟೋಗೆ ಅಂಟಿಕೊಂಡಿರಲಿ

ಫೋಟೋ ಪ್ಯಾರಾಕ್ಕೂ `Keep with next paragraph` ಹಾಕಿ, ಆಗ ಫೋಟೋ ಒಂದು ಪುಟ, ಅಡಿಬರಹ ಇನ್ನೊಂದು ಪುಟ ಆಗುವುದಿಲ್ಲ. ಫೋಟೋ ಮೇಲೆ ಬಲ ಕ್ಲಿಕ್ ಮಾಡಿ `Anchor` ಒಳಗೆ `As Character` ಆರಿಸಿ, ಇಲ್ಲದಿದ್ದರೆ ಅದು ತನಗೆ ಬೇಕಾದ ಕಡೆ ಓಡಾಡುತ್ತದೆ. ಫೋಟೋ ಮತ್ತು ಅಡಿಬರಹದ ನಡುವೆ 4 ಪಾಯಿಂಟ್, ಅಡಿಬರಹದ ಕೆಳಗೆ 14. ಹತ್ತಿರ ಇದ್ದದ್ದು ಸಂಬಂಧಿಕರು, ದೂರ ಇದ್ದದ್ದು ಬೇರೆಯವರು, ಕಣ್ಣು ಹಾಗೇ ಲೆಕ್ಕ ಹಾಕುತ್ತದೆ.

ಅಡಿಬರಹ ಫೋಟೋದ ಎಡ ಅಂಚಿಗೆ ಸರಿಯಾಗಿ ಶುರುವಾಗಲಿ. ಬೂದು ಬಣ್ಣ ಬೇಡ. ಪರದೆಯ ಮೇಲೆ ಚೆಂದ ಕಾಣುತ್ತದೆ ನಿಜ, ಆದರೆ ಈ ಪುಸ್ತಿಕೆ ಝೆರಾಕ್ಸ್ ಆಗುತ್ತದೆ, 9 ಪಾಯಿಂಟ್‌ನ ಬೂದು ಅಕ್ಷರ ಝೆರಾಕ್ಸ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಕಪ್ಪೇ ಇರಲಿ. ಸೈಜ್ ಮತ್ತು ಫಾಂಟ್ ಬೇರೆ ಇರುವುದರಿಂದ ಅದು ಪಠ್ಯ ಅಲ್ಲ ಅಂತ ಗೊತ್ತಾಗಿಯೇ ಆಗುತ್ತದೆ.

ಎಲ್ಲಾ ಸೇರಿದಾಗ ಒಂದು ತುಂಡು ಹೀಗೆ ಬರುತ್ತದೆ. "ಮೂರನೇ ಗುಹೆ" ಅನ್ನುವುದು `Heading 1`. ಅದರ ಕೆಳಗೆ "ಶಾಸನ" ಅನ್ನುವುದು `Heading 2`. ಆಮೇಲೆ `Body Text`: "ಈ ಗುಹೆಯನ್ನು ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಕೊರೆಸಿದನು. ಇಲ್ಲಿನ ಶಾಸನ ಕ್ರಿ.ಶ. 578ರದು." ಆಮೇಲೆ ಫೋಟೋ, ಅದರ ಕೆಳಗೆ `Caption`: "ಮೂರನೇ ಗುಹೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣು." ಶಾಲೆಯ ಮೇಷ್ಟ್ರು ತಂದ ಫೈಲ್‌ನಲ್ಲಿ ಈ ನಾಲ್ಕೂ 14 ಪಾಯಿಂಟ್ ಬೋಲ್ಡ್ ಇದ್ದವು, ಎಲ್ಲಾ ನಡುವಿಗೆ, ಇಸವಿಗೆ ಅಡಿಗೆರೆ ಬೇರೆ.

7. ಪ್ರಿಂಟ್ ತೆಗೆದು ನೋಡಿ

ಎರಡು ಪುಟ ಸಾಕು, ಆದರೆ 100% ಅಳತೆಯಲ್ಲೇ ತೆಗೆಯಿರಿ. ಪ್ರಿಂಟ್ ಕಿಟಕಿಯಲ್ಲಿ `Fit` ಅಂತ ಇದ್ದರೆ ಎ5 ಪುಟ ಎ4ಗೆ ಹಿಗ್ಗಿ, 9 ಪಾಯಿಂಟ್ 12ಕ್ಕಿಂತ ಜಾಸ್ತಿ ಆಗಿ, ಎಲ್ಲಾ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಪ್ರಿಂಟನ್ನು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲಿ. ಅಕ್ಷರ ಓದಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಗುಹೆಯ ಹೆಸರು ಎಲ್ಲಿದೆ, ಪಠ್ಯ ಎಲ್ಲಿ ಮುಗಿಯಿತು, ಅಡಿಬರಹ ಯಾವ ಫೋಟೋದ್ದು, ಈ ಮೂರು ಬೆರಳಿಟ್ಟು ತೋರಿಸಲು ಬಂದರೆ ಸರಿ. ಬರದಿದ್ದರೆ ಮೊದಲು ಜಾಗ ಬದಲಿಸಿ ನೋಡಿ, ಸೈಜ್ ಆಮೇಲೆ.

ಪುಟ ಮೀರಿದರೆ

ಮಡಚುವ ಪುಸ್ತಿಕೆಯ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, ಯಾಕೆಂದರೆ ಒಂದು ಎ4 ಹಾಳೆ ಮಡಚಿದರೆ ನಾಲ್ಕು ಪುಟ. ಎಂಟು ಆಯಿತು, ಹನ್ನೆರಡು ಆಯಿತು, ಒಂಬತ್ತು ಆಗುವುದಿಲ್ಲ. ಬಾದಾಮಿ ಪುಸ್ತಿಕೆ ಕೊನೆಗೆ ಒಂಬತ್ತನೇ ಪುಟಕ್ಕೆ ಐದು ಸಾಲು ಚೆಲ್ಲಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಅಕ್ಷರದ ಸೈಜ್ 10ಕ್ಕೆ ಇಳಿಸುವುದು. ಅದು ಬೇಡ.

ಸಾಲಿನ ಅಂತರವನ್ನು 18ರಿಂದ 17.5ಕ್ಕೆ ತಂದೆ. ಪುಟಕ್ಕೆ 26ರ ಬದಲು 27 ಸಾಲು ಹಿಡಿಸುತ್ತದೆ. ಬರಹದ ಏಳು ಪುಟಕ್ಕೆ ಏಳು ಸಾಲು ಸಿಗಬೇಕಿತ್ತು, ಆದರೆ ಫೋಟೋ ಇರುವ ಪುಟಗಳಲ್ಲಿ ಅಷ್ಟು ಸಿಗುವುದಿಲ್ಲ, ನಾಲ್ಕೇ ಸಿಕ್ಕಿತು. ಉಳಿದ ಒಂದು ಸಾಲಿಗೆ ಅಗಸ್ತ್ಯ ತೀರ್ಥದ ಪ್ಯಾರಾ ನೋಡಿದೆ. ಅದರ ಕೊನೆಯ ಸಾಲಿನಲ್ಲಿ "ಇದೆ" ಎಂಬ ಒಂದೇ ಪದ ಕುಳಿತಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಅದೇ ಪ್ಯಾರಾದಲ್ಲಿ "ಅತ್ಯಂತ" ಅನ್ನುವುದೊಂದು ತೆಗೆಸಿದೆ, ಸಾಲು ಮೇಲೆ ಬಂತು. ಆಮೇಲೆ "ರಾಷ್ಟ್ರ ಶಾಸ್ತ್ರ" ಪರೀಕ್ಷೆ ಇನ್ನೊಮ್ಮೆ ಮಾಡಿದೆ. 17.5ರಲ್ಲಿ ಒತ್ತು ತಾಗಲಿಲ್ಲ. 17ರಲ್ಲಿ "ಷ್ಟ್ರ" ಕೆಳಗಿನ "ಗಿ"ಗೆ ಕೂದಲೆಳೆಯಷ್ಟು ಹತ್ತಿರ ಬಂತು, ಹಾಗಾಗಿ ಅಲ್ಲಿಗೇ ನಿಲ್ಲಿಸಿದೆ.